ದೊಡ್ಡತಾಯಮ್ಮನ ತುರುಬಿನ ಹೂವು

ಕೆ.ಆರ್. ಪೇಟೆಯಲ್ಲಿ ನನ್ನ ಸ್ಟುಡಿಯೋಗೆ ಬಂದವರು ಮದುವೆ ಆಲ್ಬಂ ತೆಗೆದುಕೊಂಡು ಹೋಗುವಾಗ ನನ್ನನ್ನೇ ಹೊಗಳಿ ಹೋಗುತ್ತಾರೆ. 'ಮೂರ್ತಿಗಳ ಕೈಯೇ ಕೈ' ಅನ್ನುತ್ತಾರೆ. ನಾನೂ ಹಲ್ಲು ಕಿರಿದು ಇಸಕೊಳ್ಳುತ್ತೇನೆ. ಆ ಕೈ ನನ್ನದಲ್ಲ. ನಾನು ಶ್ರೀರಂಗಪಟ್ಟಣದ ದೇವಸ್ಥಾನದ ಮನೆಯಿಂದ ಬಂದು, ರೀಲು ಕ್ಯಾಮೆರಾ ಕಾಲದಲ್ಲಿ ಅಂಗಡಿ ತೆರೆದವನು. ಕಂಪ್ಯೂಟರಿನ ಮುಂದೆ ಕೂತರೆ ನನಗೆ ಹತ್ತು ನಿಮಿಷಕ್ಕೆ ಕೋಪ ಬರುತ್ತದೆ, ಹದಿನೈದಕ್ಕೆ ತಲೆನೋವು. ಕೆಲಸ ಮಾಡುವವಳು ಅರ್ಪಿತ. ಫೋಟೋ ತೆಗೆಯುವ ಕೋಣೆಯಲ್ಲಿ ನೀಲಿ ಪರದೆ ಇದೆಯಲ್ಲ, ಅದರ ಹಿಂದೆ ಒಂದು ಮೇಜು, ಒಂದು ಫ್ಯಾನು, ಅವಳು. ಹೋದ ವರ್ಷದವರೆಗೆ, ಆರು ವರ್ಷ, ಅಲ್ಲೇ.

ಅವಳನ್ನು ಹಿಂದೆ ಕೂರಿಸಿದವನು ನಾನೇ. ಅದಕ್ಕೆ ಕಾರಣ ಇತ್ತು. ಅವಳ ಗಂಡ ಲೋಕೇಶ್ ನಾಗಮಂಗಲ ಕಡೆಯ ದೇವಲಾಪುರದವನು, ಹಾಲಿನ ವ್ಯಾನು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ವ್ಯಾನು ಮಗುಚಿತು. ಅರ್ಪಿತ ಎರಡು ವರ್ಷದ ಚಿನ್ನುವನ್ನು ಎತ್ತಿಕೊಂಡು ಶೀಳನೆರೆಯ ತವರಿಗೆ ಬಂದಳು. ಕಂಪ್ಯೂಟರ್ ಕೋರ್ಸು ಮಾಡಿದ್ದಳು, ಕೆಲಸ ಕೇಳಿದಳು, ಕೊಟ್ಟೆ. ಆದರೆ ನಮ್ಮದು ಮದುವೆ, ನಾಮಕರಣ, ಸೀಮಂತದ ವ್ಯಾಪಾರ. ಮದುಮಗಳ ಫೋಟೋ ಮೇಲೆ ಗಂಡ ಸತ್ತವಳು ಕೈಯಾಡಿಸುತ್ತಾಳೆ ಎಂದು ಗೊತ್ತಾದರೆ ಅರ್ಧ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ. 'ಯಾರಾದ್ರೂ ಕೇಳಿದ್ರೆ ಗಂಡ ಊರಲ್ಲಿದಾನೆ ಅಂದ್ಬಿಡಮ್ಮ' ಎಂದು ಮೊದಲ ದಿನವೇ ಹೇಳಿಕೊಟ್ಟೆ. ಅವಳು ಹಣೆಯ ಪುಟ್ಟ ಕಪ್ಪು ಸ್ಟಿಕ್ಕರನ್ನು ಬೆರಳಿನಿಂದ ಒತ್ತಿಕೊಂಡು, 'ಕೇಳುದ್ರೆ ಸುಮ್ಕಿರ್ತೀನಿ ಸಾರ್' ಅಂದಳು. ಸುಳ್ಳು ಹೇಳುತ್ತೇನೆ ಅನ್ನಲಿಲ್ಲ. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಅವಳ ಕೆಲಸ ಏನೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಅದನ್ನು 'ಕಟಿಂಗ್' ಅನ್ನುತ್ತೇವೆ. ಫೋಟೋದಲ್ಲಿ ಮನುಷ್ಯ ನಿಂತಿರುತ್ತಾನೆ, ಹಿಂದೆ ಪಾತ್ರೆ ತೊಳೆಯುವ ಜಾಗವೋ, ಪಾರ್ಕು ಮಾಡಿದ ಟ್ರಾಕ್ಟರೋ ಇರುತ್ತದೆ. ಮನುಷ್ಯನನ್ನಷ್ಟೇ ಬಿಡಿಸಿ ಬೇರೆ ಹಿನ್ನೆಲೆಯ ಮೇಲೆ ಕೂರಿಸಬೇಕು. ಈಗ ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ಮನುಷ್ಯನನ್ನು ಗುರುತಿಸಿ ಸುತ್ತ ಗೆರೆ ಎಳೆಯುತ್ತದೆ. ಅಂಗಿ, ಭುಜ, ಕೈ ಎಲ್ಲ ಸರಿಯಾಗಿ ಬರುತ್ತದೆ. ಕೂದಲಿಗೆ ಬಂದಾಗ ಅದರ ಬಂಡವಾಳ ಬಯಲಾಗುತ್ತದೆ. ಒಂದೋ ಕೂದಲನ್ನೆಲ್ಲ ಹೆಲ್ಮೆಟ್ಟು ಹಾಕಿದ ಹಾಗೆ ನುಣ್ಣಗೆ ಕತ್ತರಿಸಿಬಿಡುತ್ತದೆ, ಇಲ್ಲವೇ ಎಳೆಗಳ ಮಧ್ಯೆ ಹಳೆಯ ಗೋಡೆಯ ಬಣ್ಣವನ್ನೂ ಹೊತ್ತು ತರುತ್ತದೆ.

ಅರ್ಪಿತ ಅಲ್ಲಿಂದ ಶುರು ಮಾಡುತ್ತಾಳೆ. ಹಿನ್ನೆಲೆಯನ್ನು ಅಳಿಸುವುದಿಲ್ಲ, ಅದರ ಮೇಲೆ ಮಾಸ್ಕ್ ಎಂಬ ಪರದೆ ಹೊದಿಸುತ್ತಾಳೆ. ಆ ಪರದೆಗೆ ಕಪ್ಪು ಬಳಿದರೆ ಅಲ್ಲಿನ ಚಿತ್ರ ಮುಚ್ಚುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಆಮೇಲೆ ಕೂದಲಿನ ಅಂಚಿಗೇ ಅಂತ ಇರುವ ಬ್ರಷ್ಷನ್ನು ತಲೆಯ ಸುತ್ತ ಎಳೆದು, ಕಳೆದುಹೋದ ಒಂದೊಂದು ಎಳೆಯನ್ನೂ ವಾಪಸು ಕರೆಸುತ್ತಾಳೆ. ಕೊನೆಗೆ ಅಂಚಿಗೆ ಅಂಟಿಕೊಂಡ ಹಳೆಯ ಗೋಡೆಯ ಬಿಳಿಯನ್ನು ಸಣ್ಣ ಬ್ರಷ್ಷಿನಿಂದ ಒರೆಸುತ್ತಾಳೆ. ಪಾಂಡವಪುರದ ಸ್ಟುಡಿಯೋದವರೂ ಕಷ್ಟದ ಕೂದಲು ಬಂದರೆ ನಮಗೇ ಕಳಿಸುತ್ತಾರೆ.

ಹೋದ ವರ್ಷ ಬೂಕನಕೆರೆಯ ಸಂತೋಷ್ ಬಂದ. ಡೇರಿ ಕಾರ್ಯದರ್ಶಿ, ಒಳ್ಳೆಯ ಹುಡುಗ. ಶುಕ್ರವಾರ ಹೊಸ ಮನೆ ಗೃಹಪ್ರವೇಶ, ಸೋಮವಾರ ಅವನ ಅಪ್ಪ ನಾಗರಾಜುವಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಆಪರೇಷನ್. ಮೂರು ಕಡೆ ರಕ್ತನಾಳ ಕಟ್ಟಿದೆ, ಸೋಮವಾರ ತಪ್ಪಿಸಿದರೆ ಮುಂದಿನ ದಿನ ಸಿಗುವುದು ತಿಂಗಳ ಮೇಲೆ, ಅಷ್ಟು ದಿನ ಎದೆ ತಡೆಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. 'ಹೊಸ ಮನೇಲಿ ಒಂದು ದೀಪ ಅಂಟಿಸ್ಬುಟ್ಟು ಆಮೇಲೆ ಓಗ್ತೀನಿ ಅಂತಾವ್ರೆ ಸಾರ್ ಅಪ್ಪ. ಮನೆ ಮುಂದೆ ಒಂದು ಫ್ಲೆಕ್ಸ್ ಬೇಕು, ಅಪ್ಪ ಅವ್ವ ಜೊತೇಲಿರಂಗೆ' ಅಂದ. ಫೋಟೋ ವಾಟ್ಸಾಪಿನಲ್ಲಿ ಬಂತು. ಯಾರದೋ ಮದುವೆಯಲ್ಲಿ ಫೋನಿನಿಂದ ತೆಗೆದದ್ದು. ಛತ್ರದ ಬಿಳಿ ಗೋಡೆ, ಅದರ ಮೇಲೆ ಇಳಿಬಿಟ್ಟ ಕೇಸರಿ ಸೀರಿಯಲ್ ಲೈಟು, ಮುಂದೆ ನಾಗರಾಜು. ಪಕ್ಕದಲ್ಲಿ ದೊಡ್ಡತಾಯಮ್ಮ, ಗಂಡನ ಕಡೆಗೆ ಸ್ವಲ್ಪ ತಿರುಗಿ, ನಗು ತಡೆದುಕೊಂಡು ನಿಂತಿದ್ದಳು.

ಬಿಳಿ ಗೋಡೆಯ ಮುಂದೆ ಅರ್ಧ ನೆರೆತ ಕೂದಲು ಅಂದರೆ ನಮ್ಮ ಕಸುಬಿನಲ್ಲಿ ಶನಿಕಾಟ. ಅರ್ಪಿತ ಬುಧವಾರ ಮಧ್ಯಾಹ್ನವೆಲ್ಲ ಅದರ ಮೇಲೇ ಬಗ್ಗಿದ್ದಳು. ಕುಂಕುಮದ ಬಣ್ಣದ ಹಿನ್ನೆಲೆ ಕೊಟ್ಟು ನನ್ನನ್ನು ಕರೆದಳು. ನೋಡಿದೆ. ಅಂಚಿನಲ್ಲಿ ಬಿಳಿಯ ಸುಳಿವಿಲ್ಲ, ಕಿವಿಯ ಹತ್ತಿರದ ನರೆಗೂದಲಿನ ಎಳೆ ಕೂಡ ಇದ್ದ ಹಾಗೇ ಇದೆ. 'ಭೇಷ್' ಅಂದೆ. ಪ್ರಿಂಟಿಗೆ ಕಳಿಸಿದೆವು. ಗುರುವಾರ ಬೆಳಿಗ್ಗೆ ಸಂತೋಷ್ ಫ್ಲೆಕ್ಸನ್ನು ಸುತ್ತಿದ ಹಾಗೇ ಬೈಕಿಗೆ ಕಟ್ಟಿಕೊಂಡು ಹೋದ.

ಹನ್ನೆರಡೂವರೆಗೆ ಅವನ ಫೋನು ಬಂತು.

'ಸಾರ್, ಏನ್ ಮಾಡ್ಬುಟ್ರಿ ಸಾರ್? ನಮ್ಮವ್ವನ ತಲೇಲಿ ಹೂವೇ ಇಲ್ವಲ್ಲ.'

'ಏನಯ್ಯಾ ಹಾಗಂದ್ರೆ?'

'ಫೋಟೋದಲ್ಲಿ ತುರುಬು ತುಂಬಾ ಮುಡ್ಕಂಡಿತ್ತು ಸಾರ್. ನೀವು ಮಾಡಿರೋದ್ರಲ್ಲಿ ಬೋಳು. ಪೆಂಡಾಲ್ಗೆ ಕಟ್ತಿದ್ದಂಗೆ ಸೋದರತ್ತೆ ನೋಡ್ಬುಟ್ರು. ಅವ್ವ ಒಳಕ್ಕೋಗಿ ಆಸ್ಪತ್ರೆಗೆ ಜೋಡಿಸಿದ್ದ ಬ್ಯಾಗ್ನಿಂದ ಬಟ್ಟೆ ಎಲ್ಲಾ ಆಚೆ ತೆಗೀತಾವ್ಳೆ. ಸೋಮವಾರ ಓಗಕಿಲ್ಲ ಅಂತಾವ್ಳೆ. ಅವಳು ಬ್ಯಾಡ ಅಂದ್ರೆ ಅಪ್ಪಾನೂ ಬರಕಿಲ್ಲ.'

ಒಳಗೆ ಹೋಗಿ ಎರಡೂ ಫೋಟೋ ತೆರೆಸಿದೆ. ಹಳೆಯದರಲ್ಲಿ ತುರುಬಿನ ಸುತ್ತ ದಂಡೆ, ಬಿಳಿ ಗೋಡೆಗೆ ಬಿಳಿ ಮಲ್ಲಿಗೆ. ದಿಟ್ಟಿಸಿದರೆ ಕಾಣುತ್ತದೆ. ಹೊಸದರಲ್ಲಿ ತುರುಬಿನ ಕಪ್ಪು ಅಂಚು ಮಾತ್ರ. ಮುತ್ತೈದೆಯನ್ನು ಗಂಡನ ಪಕ್ಕದಲ್ಲೇ, ಅವನು ಎದೆ ಕೊಯ್ಯಿಸಿಕೊಳ್ಳುವ ವಾರದಲ್ಲೇ, ಆರಡಿ ಎತ್ತರಕ್ಕೆ ಹೂವಿಲ್ಲದೆ ನಿಲ್ಲಿಸಿದ್ದೆವು. ನಾನೇ ನಿಂತು ಭೇಷ್ ಅಂದಿದ್ದೆ. ಕೂದಲು ನೋಡುತ್ತಾ ನೋಡುತ್ತಾ ತಲೆಯನ್ನೇ ನೋಡಿರಲಿಲ್ಲ.

ಅರ್ಪಿತ ಎರಡೂ ಫೋಟೋದ ತುರುಬನ್ನು ದೊಡ್ಡದು ಮಾಡಿ ನೋಡಿದಳು. ನನಗೆ ಕೋಪ ಬಂತು, ಭಯವಾದಾಗ ನನಗೆ ಬರುವುದು ಅದೇ. 'ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಲ್ಯಾಪ್‌ಟಾಪ್ ಎತ್ಕೋ, ಹೊರಡು' ಅಂದೆ.

ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದೆ. ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿ ಹಾಕಿಕೊಂಡಾಗಲೂ ಬಿಡಲಿಲ್ಲ. 'ನೋಡು, ಕಂಪ್ಯೂಟರ್ ತಪ್ಪು ಅಂತ ನಾನು ಹೇಳ್ತೀನಿ. ಬಿಳಿ ಮೇಲೆ ಬಿಳಿ, ಅದಕ್ಕೆ ಗೊತ್ತಾಗ್ಲಿಲ್ಲ ಅಂತೀನಿ. ನೀನು ಬಾಯಿ ಬಿಡಬೇಡ. ನಿನ್ನ ವಿಷಯ ಅಂತೂ ಸುತರಾಂ ಬೇಡ. ಹೂವು ತೆಗೆದ ಕೈ ಯಾರದು ಅಂತ ಗೊತ್ತಾದ್ರೆ ಆ ಹೆಂಗಸು ಇನ್ನೊಂದು ಸಲ ಆಸ್ಪತ್ರೆ ಹೆಸರು ಎತ್ತೋದಿಲ್ಲ.' ಹಿಂದೆ ಲ್ಯಾಪ್‌ಟಾಪಿನ ಚೀಲ ಅವಳ ತೊಡೆಯ ಮೇಲೆ ಎಗರುವ ಸದ್ದು ಮಾತ್ರ ಕೇಳುತ್ತಿತ್ತು. ಸೋಮವಾರ ಆ ಮನುಷ್ಯ ಹೋಗದೆ, ಬುಧವಾರವೋ ಗುರುವಾರವೋ ಏನಾದರೂ ಆಗಿಬಿಟ್ಟರೆ? ಆ ಯೋಚನೆ ಬಂದಾಗಲೆಲ್ಲ ಗಾಡಿ ಓಲಾಡುತ್ತಿತ್ತು.

ಬೂಕನಕೆರೆಯ ಹೊಸ ಮನೆಯ ಮುಂದೆ ಪೆಂಡಾಲು ಎದ್ದಿತ್ತು. ಫ್ಲೆಕ್ಸನ್ನು ಬಿಚ್ಚಿ ಗೋಡೆಗೆ ಮುಖಮಾಡಿ ಒರಗಿಸಿದ್ದರು. ನಾಗರಾಜು ಜಗಲಿಯ ಕುರ್ಚಿಯಲ್ಲಿ ಕೂತಿದ್ದ, ಮುಖ ಬಿಳಿಚಿಕೊಂಡಿತ್ತು, ಆದರೂ ನಮ್ಮನ್ನು ಕಂಡು ನಕ್ಕ. 'ಬನ್ನಿ ಸಾಮಿ. ನಾನು ಏಳ್ದೆ, ಹೂವ ನಾನೇ ತಂದ್ಕೊಡ್ತೀನಿ ಬುಡಮ್ಮಿ ಅಂತ. ಕೇಳಕಿಲ್ಲ' ಅಂದ. ಅವನ ತಂಗಿ ಬೈರಮ್ಮ, ಸಂತೋಷನ ಸೋದರತ್ತೆ, ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ನನ್ನನ್ನು ದಾಟಿ ಅರ್ಪಿತಳ ಮೇಲೆ ನಿಂತಿತು.

ಒಳಗೆ ನಡುಮನೆಯಲ್ಲಿ, ಇನ್ನೂ ಸುಣ್ಣದ ವಾಸನೆ ಹೋಗದ ಗೋಡೆಗೆ ಒರಗಿ ದೊಡ್ಡತಾಯಮ್ಮ ಕೂತಿದ್ದಳು. ಮುಂದೆ ಖಾಲಿ ಬ್ಯಾಗು, ಮಡಿಸಿಟ್ಟ ಪಂಚೆ, ಎರಡು ಟವೆಲ್ಲು, ಸ್ಟೀಲಿನ ಲೋಟ. ತುರುಬಿನಲ್ಲಿ ಮಲ್ಲಿಗೆ ಇತ್ತು, ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ನನ್ನ ಪಾಠ ಒಪ್ಪಿಸಿದೆ. ಕಂಪ್ಯೂಟರು, ಬಿಳಿ ಗೋಡೆ, ಬಿಳಿ ಹೂವು, ಕ್ಷಮಿಸಿ, ಸಂಜೆಯೊಳಗೆ ಬೇರೆ ಫ್ಲೆಕ್ಸು.

'ಕಂಪ್ಯೂಟ್ರಿಗೇನು ಗೊತ್ತು ಸಾಮಿ' ಅಂದಳು ದೊಡ್ಡತಾಯಮ್ಮ. ಸಿಟ್ಟಿರಲಿಲ್ಲ, ದನಿ ಬತ್ತಿತ್ತು. 'ಅದು ತೋರಿಸ್ಬೇಕಾದ್ದ ತೋರಿಸ್ತು. ನಂಗೆ ರಾತ್ರಿಯಿಂದ ಎಡಗಣ್ಣು ಬಲಗಣ್ಣು ಯಾವುದು ಅದುರ್ತದೆ ಅಂತ್ಲೇ ಗೊತ್ತಾಗ್ತಿಲ್ಲ. ಇವರ ಎದೆ ಕುಯ್ಯಕೆ ನಾನು ಕಳಿಸಕಿಲ್ಲ.'

'ಅಜ್ಜಿ, ಕಂಪ್ಯೂಟ್ರು ತೆಗೀಲಿಲ್ಲ' ಅಂದಳು ಅರ್ಪಿತ.

ನಾನು ಅವಳ ಕಡೆ ತಿರುಗಿ ಕಣ್ಣು ಬಿಟ್ಟೆ. ಅವಳು ನನ್ನನ್ನು ನೋಡಲೇ ಇಲ್ಲ. ದೊಡ್ಡತಾಯಮ್ಮನ ಎದುರು ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು.

'ಕಂಪ್ಯೂಟ್ರು ಅರ್ಧಂಬರ್ಧ ಬುಟ್ಟಿತ್ತು. ಬಿಳೀದು ತುಂಡು ತುಂಡಾಗಿ ಉಳಿದಿತ್ತು, ಕೇಸರಿ ಚುಕ್ಕೆ ಚುಕ್ಕೆಯಾಗಿ ಉಳಿದಿತ್ತು. ನಾನು ಬಿಳೀದ ಗೋಡೆ ಅಂದ್ಕಂಡೆ. ಕೇಸರೀನ ಸೀರಿಯಲ್ ಲೈಟು ಅಂದ್ಕಂಡೆ. ಕೂದಲು ನೀಟಾಗಿ ಬರ್ಲಿ ಅಂತ ಒಂದೊಂದಾಗಿ ಒರೆಸ್ದೆ. ನಾನೇ ಒರೆಸಿದ್ದು ಅಜ್ಜಿ.'

'ಹೆಂಗಸಾಗಿ ನಿಂಗೆ ಹೂವು ಅಂತ ಗೊತ್ತಾಗ್ನಿಲ್ವಾ?' ಬೈರಮ್ಮ ಬಾಗಿಲಿನಿಂದ ಕೇಳಿದಳು.

ಅರ್ಪಿತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸುಮ್ಮನೇ ಇರಲಪ್ಪಾ ರಂಗನಾಥ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ.

'ಆರು ವರ್ಷ ಆಯ್ತು ನಾನು ಹೂವ ಮುಡ್ದು' ಅಂದಳು. 'ತಲೇಲಿ ಹೂವ ಇರ್ತದೆ ಅಂತ ನನ್ ಕಣ್ಣಿಗೆ ಅಭ್ಯಾಸ ತಪ್ಪೋಗದೆ. ಎಷ್ಟೋ ಜನ ಮದುಮಕ್ಳ ಫೋಟ ಮಾಡೀವ್ನಿ, ಅವು ದಪ್ಪ ಹಾರ, ಕಾಣ್ತವೆ. ಇದು ಸಣ್ಣ ದಂಡೆ. ನಂಗೆ ಕಾಣ್ನಿಲ್ಲ.'

ಬೈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂತೋಷ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆರು ವರ್ಷ ಪರದೆ ಕಟ್ಟಿ ಮುಚ್ಚಿಟ್ಟದ್ದನ್ನು ಅವಳು ಆರು ಮಾತಿನಲ್ಲಿ ಬಿಚ್ಚಿಟ್ಟಿದ್ದಳು. ಆಸ್ಪತ್ರೆ ಹೋಯಿತು, ನಾಗರಾಜು ಹೋದ, ನನ್ನ ಅಂಗಡಿಯೂ ಹೋಯಿತು ಅನ್ನಿಸಿತು. ಎದ್ದು ಅವಳನ್ನು ಎಳೆದುಕೊಂಡು ಹೋಗಿಬಿಡೋಣ ಅಂತಲೂ ಅನ್ನಿಸಿತು.

'ನೋಡು ಅತ್ಗೆ, ನಾನು ಆಗ್ಲೇ ಏಳ್ನಿಲ್ವಾ' ಎಂದು ಬೈರಮ್ಮ ಶುರು ಮಾಡಿದಳು. ದೊಡ್ಡತಾಯಮ್ಮ ಕೈ ಎತ್ತಿ ಅವಳನ್ನು ತಡೆದಳು.

'ಮಕ್ಳು?' ಎಂದು ಅರ್ಪಿತಳನ್ನು ಕೇಳಿದಳು.

'ಒಬ್ಳು. ಚಿನ್ನು ಅಂತ. ಮೂರನೇ ಕ್ಲಾಸು.'

'ಏನಾಗಿತ್ತು ಅವನಿಗೆ?'

'ಹಾಲಿನ ವ್ಯಾನು ಓಡಿಸ್ತಿದ್ರು. ಮಗುಚ್ಕೊಂತು. ಆಸ್ಪತ್ರೆಗೆ ಬ್ಯಾಗ ನಾನೂ ಜೋಡ್ಸಿದ್ದೆ ಅಜ್ಜಿ. ತಕ್ಕಂಡು ಓಗಷ್ಟು ಹೊತ್ತೇ ಸಿಗ್ನಿಲ್ಲ. ನಿಮಗೆ ಸೋಮವಾರದವರೆಗೂ ಹೊತ್ತದೆ.'

ದೊಡ್ಡತಾಯಮ್ಮ ಬ್ಯಾಗನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಚೆ ಜಗಲಿಯಲ್ಲಿ ನಾಗರಾಜು ಕೆಮ್ಮುವುದು ಕೇಳಿಸಿತು, ಎಲ್ಲರೂ ಅತ್ತ ಕಿವಿಕೊಟ್ಟೆವು, ಕೆಮ್ಮು ನಿಂತಿತು.

'ನಾ ಮುಡಿದಿದ್ದ ಹೂವ ಈಗ ಎಲ್ಲೋಯ್ತು?' ಎಂದು ಕೊನೆಗೆ ಕೇಳಿದಳು.

'ಎಲ್ಲೂ ಓಗಿಲ್ಲ. ನಾನು ಅಳಿಸಿಲ್ಲ, ಮುಚ್ಚಿವ್ನಿ ಅಷ್ಟೆ. ನೋಡಿ.' ಅರ್ಪಿತ ಒಂದು ಗುಂಡಿ ಅದುಮಿ ಮಾಸ್ಕಿನ ಮೇಲೆ ಒತ್ತಿದಳು. ಪರದೆ ಸರಿದು ಛತ್ರದ ಬಿಳಿ ಗೋಡೆ, ಸೀರಿಯಲ್ ಲೈಟು, ತುರುಬಿನ ಸುತ್ತ ದಂಡೆ ಎಲ್ಲ ಎದ್ದು ಬಂತು. ಮತ್ತೆ ಒತ್ತಿದಳು, ಕುಂಕುಮದ ಬಣ್ಣದ ಮೇಲೆ ಬೋಳು ತುರುಬು. ದೊಡ್ಡತಾಯಮ್ಮ ಮುಖ ತಿರುಗಿಸಿದಳು. 'ಅದ ತೆಗಿ. ಮೊದಲಿಂದೇ ಇರ್ಲಿ' ಅಂದಳು.

'ಹೂವ ವಾಪಸ್ ಇಡ್ಬೌದು ಅಜ್ಜಿ. ನನ್ ಕೈಲಿ ಬ್ಯಾಡ ಅಂದ್ರೆ ಪಾಂಡವಪುರದಲ್ಲಿ ಒಬ್ರವ್ರೆ, ಅವರಿಗೆ ಕಳಿಸ್ತೀನಿ.'

ದೊಡ್ಡತಾಯಮ್ಮ ಜರುಗಿ ಅವಳ ಪಕ್ಕಕ್ಕೆ ಬಂದು ಕೂತಳು. 'ಬ್ಯಾರೆಯೋರ್ಗೆ ಯಾಕೆ? ಹೂವ ಕಳ್ಕಂಡೋಳು ನೀನು. ಒಂದು ಮೊಗ್ಗೂ ಬುಡ್ದಂಗೆ ಇಡೋಳೂ ನೀನೇಯ. ಇಡವ್ವ, ನಾನು ನೋಡ್ತೀನಿ.'

ಬೈರಮ್ಮ ಏನೋ ಗೊಣಗಿ ಒಳಗೆ ಹೋದಳು. ಕೆಲಸ ಶುರುವಾಯಿತು, ಆದರೆ ನನ್ನ ಭಯ ಹೋಗಲಿಲ್ಲ. ಯಾಕೆಂದರೆ ಕೆಲಸ ಆಗುತ್ತದೆ ಎಂಬ ಭರವಸೆ ನನಗೇ ಇರಲಿಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋ ಹಿಂಡಿದ ಕಬ್ಬಿನ ಹಾಗೆ, ರಸವೆಲ್ಲ ಹೋಗಿರುತ್ತದೆ. ದೊಡ್ಡದು ಮಾಡಿದರೆ ಮಲ್ಲಿಗೆಯೂ ಗೋಡೆಯೂ ಒಂದೇ ಬಿಳಿಯ ಚೌಕಗಳು. ಎಲ್ಲಿ ಮೊಗ್ಗು ಮುಗಿಯುತ್ತದೆ, ಎಲ್ಲಿ ಸುಣ್ಣ ಶುರುವಾಗುತ್ತದೆ ಬ್ರಹ್ಮನಿಗೂ ತಿಳಿಯದು. ಗುಂಡಿ ಒತ್ತಿದರೆ ಕಂಪ್ಯೂಟರು ಮತ್ತೆ ಅದೇ ತಪ್ಪು ಮಾಡುತ್ತಿತ್ತು. ಸುಮ್ಮನೆ ಬಿಳಿ ಬಳಿದರೆ ಹೂವಿನ ಜೊತೆ ಗೋಡೆಯ ತುಂಡೂ ಬಂದು ತಲೆಯ ಮೇಲೆ ಹತ್ತಿ ಮೆತ್ತಿದಂತೆ ಕಾಣುತ್ತದೆ.

ಅರ್ಪಿತ ಸಂತೋಷನ ಫೋನಿನಿಂದಲೇ ಮೂಲ ಫೋಟೋವನ್ನು ವೈರಿನಲ್ಲಿ ಎಳೆದುಕೊಂಡಳು. ಅದರ ಮೇಲೆ ತಾತ್ಕಾಲಿಕವಾಗಿ ಒಂದು ಪದರ ಹಾಕಿ ಇಡೀ ಚಿತ್ರದ ಬೆಳಕು ತಗ್ಗಿಸಿದಳು. ಆಗ ಬಿಳಿಯೊಳಗಿನ ಸಣ್ಣ ನೆರಳುಗಳು ಮೇಲೆದ್ದವು. ಅಷ್ಟಾದರೂ ತುರುಬಿನ ಎಡಗಡೆ, ಟ್ಯೂಬ್‌ಲೈಟಿನ ಬೆಳಕು ಬಿದ್ದ ಕಡೆ, ನಾಲ್ಕು ಬೆರಳಿನಷ್ಟು ಜಾಗ ಏನೂ ಇಲ್ಲದ ಹಾಗೆ ಬೆಳ್ಳಗಿತ್ತು. ಕೇಸರಿ ಚುಕ್ಕೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಅವುಗಳಲ್ಲಿ ಲೈಟು ಯಾವುದು, ಹೂವು ಯಾವುದು?

'ಇಲ್ಲಿ ಕಾಣ್ತಿಲ್ಲ ಅಜ್ಜಿ' ಅಂದಳು, ದನಿ ಸಣ್ಣಗಾಗಿತ್ತು.

'ನಂಗೆ ಕಾಣ್ತದೆ. ಆ ದಂಡೆ ಕಟ್ಟಿದ್ದು ನಾನೇಯ' ಅಂದಳು ದೊಡ್ಡತಾಯಮ್ಮ. 'ನಾಕು ಜೊತೆ ಮಲ್ಲಿಗೆ, ಒಂದು ಕನಕಾಂಬ್ರ. ಮತ್ತೆ ನಾಕು ಜೊತೆ, ಒಂದು ಕನಕಾಂಬ್ರ. ನಮ್ಮವ್ವ ಹಂಗೇ ಕಟ್ತಿದ್ಳು. ಜೊತೆ ಅಂದ್ರೆ ಒಂದು ಹಿಂಗೆ, ಒಂದು ಹಂಗೆ, ತೊಟ್ಟು ಒಳೀಕೆ.' ತನ್ನ ತಲೆಯಿಂದ ಅಂದಿನ ಹೂವಿನ ತುಂಡನ್ನು ಬಿಚ್ಚಿ ಕೀಬೋರ್ಡಿನ ಪಕ್ಕ ಇಟ್ಟಳು. 'ಇದ ನೋಡ್ಕಂಡು ಮಾಡು.'

ಅದು ದಾರಿ ತೋರಿಸಿತು. ಸಮನಾದ ಅಂತರದಲ್ಲಿ ಬಂದ ಕೇಸರಿ ಚುಕ್ಕೆ ಕನಕಾಂಬರ, ಅಳತೆ ತಪ್ಪಿದ್ದು ಲೈಟು. ಎರಡು ಕನಕಾಂಬರದ ನಡುವೆ ನಾಲ್ಕು ಜೊತೆ ಮೊಗ್ಗು ಇರಲೇಬೇಕು. ಅರ್ಪಿತ ಪೆನ್ ಟೂಲ್ ಹಿಡಿದಳು. ಅದು ಕಂಪ್ಯೂಟರಿನ ಊಹೆ ಕೇಳುವುದಿಲ್ಲ, ನಾವು ಇಟ್ಟ ಚುಕ್ಕೆಯಿಂದ ಚುಕ್ಕೆಗೆ ಬಾಗಿಸಿದ ಹಾಗೆ ಗೆರೆ ಬಾಗುತ್ತದೆ. ನೆರಳು ಸಿಕ್ಕಿದ ಕಡೆ ನೆರಳು ಹಿಡಿದು, ಸಿಗದ ಕಡೆ ಪಕ್ಕದಲ್ಲಿಟ್ಟ ದಂಡೆ ನೋಡಿ, ಒಂದೊಂದು ಮೊಗ್ಗಿಗೂ ಗೆರೆ ಕಟ್ಟಿದಳು. ಗೆರೆ ಮುಚ್ಚಿ ಆಯ್ಕೆ ಮಾಡಿ, ಮಾಸ್ಕಿನಲ್ಲಿ ಬಿಳಿ ತುಂಬಿದಾಗ ಕುಂಕುಮದ ಬಣ್ಣದ ಮೇಲೆ ಒಂದು ಮೊಗ್ಗು ಮೂಡಿತು. ಆಮೇಲೆ ಇನ್ನೊಂದು. ಬೆಳಕು ತಿಂದುಹಾಕಿದ್ದ ಮೊಗ್ಗುಗಳು ಚಪ್ಪಟೆಯಾಗಿ ಕಂಡವು, ಅವಕ್ಕೆ ತೊಟ್ಟಿನ ಕಡೆ ಚೂರು ಬೂದು ನೆರಳು ಬಳಿದಳು. ಮೊಗ್ಗುಗಳ ಸಂದಿಯಲ್ಲಿ ಸಿಕ್ಕಿದ ಕೂದಲಿಗೆ ಮತ್ತೆ ಕೂದಲಿನ ಬ್ರಷ್ಷು.

'ಅಲ್ಲೊಂದು ಜೊತೆ ಬುಟ್ಟೆ' ಅನ್ನುತ್ತಿದ್ದಳು ದೊಡ್ಡತಾಯಮ್ಮ. 'ಅದು ಅರಳಿತ್ತು, ಮೊಗ್ಗಲ್ಲ.' ಅರ್ಪಿತ ಹಿಂದಕ್ಕೆ ಹೋಗಿ ಸರಿಮಾಡುತ್ತಿದ್ದಳು. ನಾನೂ ಬಗ್ಗಿ ನೋಡಿ, 'ಸಾಕಮ್ಮ, ಇಪ್ಪತ್ತಡಿ ದೂರದಿಂದ ಯಾರಿಗೆ ಕಾಣತ್ತೆ' ಅಂದೆ. ಇಬ್ಬರೂ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು. ಹೋಗಿ ಜಗಲಿಯಲ್ಲಿ ನಾಗರಾಜುವಿನ ಜೊತೆ ಕೂತೆ. ಅವನು ಒಂದು ಕೈಯನ್ನು ಎದೆಯ ಮೇಲೇ ಇಟ್ಟುಕೊಂಡಿದ್ದ. 'ಒಪ್ತಾಳಾ ಸಾಮಿ?' ಎಂದು ಮೆಲ್ಲಗೆ ಕೇಳಿದ. 'ನಂಗೂ ಭಯ್ವೇಯ. ಆದ್ರೆ ಓಗ್ದಿದ್ರೆ ಇನ್ನೂ ಭಯ.' ನಾನು ಅವನ ಹತ್ತಿರಕ್ಕೆ ಜರುಗಿ ಕೂತೆ.

ನಾಲ್ಕು ಗಂಟೆಯ ಹೊತ್ತಿಗೆ ಒಳಗಿನಿಂದ ಕರೆದರು. ಪರದೆಯ ತುಂಬ ದೊಡ್ಡತಾಯಮ್ಮ, ತುರುಬಿನ ಸುತ್ತ ಪೂರ್ತಿ ದಂಡೆ. ದೊಡ್ಡತಾಯಮ್ಮ ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಸಿದಳು. ಎಣಿಸಿ ಮುಗಿದ ಮೇಲೆ ಪಂಚೆಯನ್ನು ಎತ್ತಿ ಕೊಡವಿ ಮತ್ತೆ ಮಡಿಸಿ ಬ್ಯಾಗಿಗೆ ಇಟ್ಟಳು. ಟವೆಲ್ಲು ಇಟ್ಟಳು. ಲೋಟವನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟು ಜಿಪ್ಪು ಎಳೆದಳು. ಸಂತೋಷ್ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ, ಹೇಳಿಕೊಳ್ಳಲು ನಾಚಿಕೆ ಏನು.

ಅಂದೇ ಸಂಜೆ ಹೊಸ ಫ್ಲೆಕ್ಸು ಕಟ್ಟಿ ಆಯಿತು. ಶುಕ್ರವಾರ ಹಾಲು ಉಕ್ಕಿತು. ಅರ್ಪಿತಳನ್ನು ಕರೆದಿದ್ದರು, ಅವಳು ಹೋಗಲಿಲ್ಲ. ಬೈರಮ್ಮನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಶನಿವಾರದೊಳಗೆ ಪೇಟೆಯಲ್ಲಿ ಸುದ್ದಿ ಆಗಿತ್ತು. ಒಂದು ಮದುವೆಯವರು ಆರ್ಡರು ವಾಪಸು ತೆಗೆದುಕೊಂಡರು. ನಾನು 'ಸರಿ, ಹೋಗಿ ಬನ್ನಿ' ಅಂದೆ. ಆ ಸಿಟ್ಟಿನಲ್ಲೇ ನೀಲಿ ಪರದೆ ಪಕ್ಕಕ್ಕೆ ಸರಿಸಿ, ಅವಳ ಮೇಜನ್ನು ಮುಂದಕ್ಕೆ ಎಳೆಸಿದೆ. ಯಾಕೆ ಎಂದು ಅವಳು ಕೇಳಲಿಲ್ಲ, ಫ್ಯಾನಿನ ವೈರು ಸಾಲುವುದಿಲ್ಲ ಅಂದಳು ಅಷ್ಟೆ.

ಸೋಮವಾರ ಹತ್ತೂಕಾಲಿಗೆ ಸಂತೋಷನ ನಂಬರಿನಿಂದ ಫೋನು. ಎತ್ತಿದರೆ ದೊಡ್ಡತಾಯಮ್ಮ. 'ಸಾಮಿ, ಆ ಉಡುಗೀಗೆ ಕೊಡಿ.' ನಾನು ಸ್ಪೀಕರಿಗೆ ಹಾಕಿದೆ.

'ಒಳೀಕೆ ಕರ್ಕಂಡೋದ್ರು ಕಣವ್ವ. ನಾಕೈದು ಗಂಟೆ ಆಯ್ತದಂತೆ. ನಿನ್ ಹತ್ರ ನನ್ ಫೋಟ ಅದಲ್ಲ, ಅದ ತೆಗ್ದಿಟ್ಕೊ. ಇವರು ಆಚೆ ಬರಗಂಟ ಮುಚ್ಬ್ಯಾಡ.'

'ಇಲ್ಲ ಅಜ್ಜಿ, ಮುಚ್ಚಲ್ಲ' ಅಂದಳು ಅರ್ಪಿತ.

ಅವತ್ತು ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಫೈಲು ತೆರೆದು ಕೂತಳು. ಎರಡು ನಿಮಿಷ ಸುಮ್ಮನಿದ್ದರೆ ಸ್ಕ್ರೀನು ತಾನೇ ಕಪ್ಪಾಗುತ್ತದೆ. ಅದನ್ನು ಬದಲಾಯಿಸಬಹುದು, ಅವಳಿಗೆ ಗೊತ್ತು, ಆದರೆ ಬದಲಾಯಿಸಲಿಲ್ಲ. ಆಗಾಗ ಮೌಸನ್ನು ಅಲ್ಲಾಡಿಸುತ್ತಾ ಕೂತಳು. ಗಿರಾಕಿಗಳು ಬಂದರು, ಪಾಸ್‌ಪೋರ್ಟ್ ಫೋಟೋದವರನ್ನು ನಾನು ನಾಳೆ ಬನ್ನಿ ಎಂದು ಕಳಿಸಿದೆ. ಹನ್ನೆರಡು ಹೊಡೆಯಿತು. ಒಂದು ಹೊಡೆಯಿತು. ಡಬ್ಬಿ ತೆರೆದವಳು ಒಂದು ತುತ್ತು ತಿಂದು ಮುಚ್ಚಿಟ್ಟಳು. ಒಂದೂವರೆಗೆ ಕರೆಂಟು ಹೋಗಿ ಯುಪಿಎಸ್ಸು ಕೀಂ ಕೀಂ ಅನ್ನತೊಡಗಿತು. ಇಬ್ಬರೂ ಅದರ ಹಸಿರು ದೀಪವನ್ನೇ ನೋಡುತ್ತಾ ನಿಂತೆವು. ಏಳೆಂಟು ನಿಮಿಷಕ್ಕೆ ಕರೆಂಟು ಬಂತು. ಅವಳು ಮುಖ ತೊಳೆಯಲು ಹಿಂದಕ್ಕೆ ಹೋದಾಗ ನಾನೇ ಕೂತು ಮೌಸು ಅಲ್ಲಾಡಿಸಿದೆ. ಇಂಥದ್ದನ್ನೆಲ್ಲ ನಂಬದವನು ನಾನು. ಆದರೂ ಕೈ ತೆಗೆಯಲಿಲ್ಲ.

ಎರಡು ಮುಕ್ಕಾಲಿಗೆ ಫೋನು ಬಂತು. ಅರ್ಪಿತ ಎತ್ತಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಆಸ್ಪತ್ರೆಯ ಗದ್ದಲ, ಯಾರನ್ನೋ ಕೂಗುವ ಸದ್ದು. ಆಮೇಲೆ ದೊಡ್ಡತಾಯಮ್ಮನ ದನಿ.

'ಹೂವ ಹಂಗೇ ಅದೇನವ್ವ?'

'ಹಂಗೇ ಅದೆ ಅಜ್ಜಿ. ಎಲ್ಲಾ ಅದೆ.'

'ಇಲ್ಲಿ ಇವರೂ ಅವ್ರೆ ಕಣವ್ವ' ಅಂದಳು ದೊಡ್ಡತಾಯಮ್ಮ. 'ಈಗ ಮುಚ್ಚು. ಮುಚ್ಬುಟ್ಟು ಉಣ್ಣೋಗು.'